ಆಮಂತ್ರಣ ಪತ್ರಿಕೆಯ ಅಲ್ಪವಿರಾಮ: ಕರಡು ತಿದ್ದುವವರೊಂದಿಗೆ ಪ್ರಶ್ನೋತ್ತರ (ತುಮಕೂರು ಬಳಗ)

ಗುಬ್ಬಿಯ ಸದಸ್ಯರು: ಆಮಂತ್ರಣದಲ್ಲಿ ‘ಸಂಘದ ಅಧ್ಯಕ್ಷರು, ನಿವೃತ್ತ ತಹಶೀಲ್ದಾರರು, ಶಾಲೆಯ ಮುಖ್ಯೋಪಾಧ್ಯಾಯಿನಿ, ಕವಯಿತ್ರಿ, ಗ್ರಂಥಪಾಲಕರು’ ಎಂದು ಹಾಕಿದ್ದೇವೆ. ಬರುವವರು ಮೂವರೇ. ಓದಿದವರೆಲ್ಲ ಐವರೆನ್ನುತ್ತಾರೆ. ಏನು ಮಾಡಲಿ, ಸರ್?

ಕರಡು ತಿದ್ದುವವರು: ಅವರು ಹಾಗೆ ಓದಿದ್ದರಲ್ಲಿ ತಪ್ಪಿಲ್ಲ. ಒಂದೇ ಅಲ್ಪವಿರಾಮಕ್ಕೆ ನೀವು ಎರಡು ಕೆಲಸ ಒಪ್ಪಿಸಿದ್ದೀರಿ: ಒಬ್ಬರನ್ನು ಇನ್ನೊಬ್ಬರಿಂದ ಬೇರ್ಪಡಿಸುವುದು, ಒಬ್ಬರೇ ಹೊಂದಿರುವ ಎರಡು ಪರಿಚಯಗಳನ್ನು ಕೂಡಿಸುವುದು. ವ್ಯಕ್ತಿ ಬದಲಾಗುವ ಕಡೆಯಲ್ಲೆಲ್ಲ ಅರ್ಧವಿರಾಮ ಹಾಕಿ, ಪರಿಚಯದ ಒಳಗೆ ಅಲ್ಪವಿರಾಮವನ್ನು ಉಳಿಸಿ: ‘ಸಂಘದ ಅಧ್ಯಕ್ಷರು, ನಿವೃತ್ತ ತಹಶೀಲ್ದಾರರು; ಶಾಲೆಯ ಮುಖ್ಯೋಪಾಧ್ಯಾಯಿನಿ, ಕವಯಿತ್ರಿ; ಗ್ರಂಥಪಾಲಕರು’. ಎರಡು ಕಡೆಯೂ ಹಾಕಬೇಕು. ಒಂದನ್ನು ಬಿಟ್ಟರೆ ಮುಖ್ಯೋಪಾಧ್ಯಾಯಿನಿಯವರ ಪರಿಚಯ ಮತ್ತೊಬ್ಬರಿಗೆ ಅಂಟಿಕೊಳ್ಳುತ್ತದೆ. ಆದರೂ ಅವಸರದಲ್ಲಿ ಕಣ್ಣಾಡಿಸುವವರಿಗೆ ಆ ಚಿಕ್ಕ ಚುಕ್ಕಿ ಕಾಣದೆ ಹೋಗಬಹುದು. ಆದ್ದರಿಂದ ನಾನಾದರೆ ವಾಕ್ಯವನ್ನೇ ತಿರುಗಿಸುತ್ತೇನೆ: ‘ನಿವೃತ್ತ ತಹಶೀಲ್ದಾರರೂ ಆದ ಸಂಘದ ಅಧ್ಯಕ್ಷರು, ಕವಯಿತ್ರಿಯೂ ಆದ ಶಾಲೆಯ ಮುಖ್ಯೋಪಾಧ್ಯಾಯಿನಿ, ಗ್ರಂಥಪಾಲಕರು’. ಇಲ್ಲಿ ‘ಊ ಆದ’ ಎಂಬುದೇ ಗಂಟು ಹಾಕುವುದರಿಂದ ಅಲ್ಪವಿರಾಮಕ್ಕೆ ಬೇರ್ಪಡಿಸುವ ಕೆಲಸವೊಂದೇ ಉಳಿಯುತ್ತದೆ. ಒಬ್ಬೊಬ್ಬರನ್ನು ಒಂದೊಂದು ಸಾಲಿನಲ್ಲಿ ಅಚ್ಚು ಮಾಡಿಸುವುದಾದರೆ ಅರ್ಧವಿರಾಮವೇ ಬೇಡ.

ಮಧುಗಿರಿಯ ಶಿಕ್ಷಕಿ: ಒಂದು ಉಸಿರಿಗೆ ಅಲ್ಪವಿರಾಮ, ಎರಡು ಉಸಿರಿಗೆ ಅರ್ಧವಿರಾಮ ಎಂಬ ಸೂತ್ರ ಎಲ್ಲ ಗುಂಪುಗಳಲ್ಲೂ ಬರುತ್ತಿದೆ. ಮಕ್ಕಳಿಗೆ ಹೇಳಬಹುದೇ?

ಕರಡು ತಿದ್ದುವವರು: ದಯವಿಟ್ಟು ಬೇಡ. ಉಸಿರು ಓದುವವರದು, ಚಿಹ್ನೆ ವಾಕ್ಯದ್ದು. ಆ ಸೂತ್ರವನ್ನು ನಂಬಿದವರು ‘ನಮ್ಮ ಊರಿನ ಹಿರಿಯರೆಲ್ಲ, ಬಂದಿದ್ದರು’ ಎಂದು ಕರ್ತೃವಿಗೂ ಕ್ರಿಯಾಪದಕ್ಕೂ ನಡುವೆ ಗೆರೆ ಎಳೆದು ಕಳಿಸುತ್ತಾರೆ; ಅದನ್ನು ಅಳಿಸುವುದೇ ನನ್ನ ದಿನಗೆಲಸವಾಗಿದೆ.

ಶಿರಾದ ಸದಸ್ಯರು: ಕನ್ನಡಕ್ಕೆ ಅರ್ಧವಿರಾಮವೇ ಪರಕೀಯ. ಹಳೆಯ ತಾಳೆಗರಿಗಳಲ್ಲಿ ದಂಡ ಬಿಟ್ಟರೆ ಏನಿತ್ತು?

ಮಧುಗಿರಿಯ ಶಿಕ್ಷಕಿ: ತಾಳೆಗರಿಯಲ್ಲಿ ಪದಗಳ ನಡುವೆ ಜಾಗವನ್ನೂ ಬಿಡುತ್ತಿರಲಿಲ್ಲ. ತಾವೂ ಹಾಗೆಯೇ ಬರೆಯಿರಿ, ಓದಿಕೊಳ್ಳುತ್ತೇವೆ.

ಶಿರಾದ ಸದಸ್ಯರು: ವ್ಯಂಗ್ಯ ಉತ್ತರವಾಗುವುದಿಲ್ಲ, ಮೇಡಂ.

ತಿಪಟೂರಿನ ಸದಸ್ಯರು: ಹೆಣ್ಣುಮಕ್ಕಳ ಹಾಸ್ಟೆಲ್ಲಿನ ಇಂಗ್ಲಿಷ್ ಫಲಕದಲ್ಲಿ ‘ಗರ್ಲ್ಸ್’ ಪದದ ಅಪಾಸ್ಟ್ರಫಿ ಎಸ್‌ಗೆ ಮೊದಲೋ ಆಮೇಲೋ?

ಕುಣಿಗಲಿನ ಸದಸ್ಯರು: ಒಡೆತನ ಎಂದರೆ ಯಾವಾಗಲೂ ಎಸ್‌ಗೆ ಮೊದಲು.

ಕರಡು ತಿದ್ದುವವರು: ಅದು ಒಬ್ಬಳೇ ಹುಡುಗಿಯ ಹಾಸ್ಟೆಲ್ ಆದರೆ ಮಾತ್ರ. ಬಹುವಚನ ಎಸ್‌ನಿಂದಲೇ ಮುಗಿದಿದ್ದರೆ ಆಮೇಲೆ. ಎಸ್ ಇಲ್ಲದ ‘ಚಿಲ್ಡ್ರನ್’ನಂಥ ಪದಕ್ಕೆ ಮೊದಲು.

ಪಾವಗಡದ ಸದಸ್ಯರು: ‘ಇಟ್ಸ್’ ಪದಕ್ಕೆ ಅಪಾಸ್ಟ್ರಫಿ ಯಾವಾಗ?

ಕರಡು ತಿದ್ದುವವರು: ಈ ಪ್ರಶ್ನೆ ಇಲ್ಲಿ ಎಷ್ಟೋ ಸಲ ಬಂದಿದೆ. ‘ಇಟ್ ಈಸ್’ ಅಥವಾ ‘ಇಟ್ ಹ್ಯಾಸ್’ ಎಂದು ಬಿಡಿಸಲು ಬಂದರೆ ಹಾಕಿ, ಇಲ್ಲದಿದ್ದರೆ ಬೇಡ.

ತಿಪಟೂರಿನ ಸದಸ್ಯರು: ‘’98ರ ತಂಡ’ ಎಂದು ಬರೆದರೆ ಮೊಬೈಲಿನಲ್ಲಿ ಆ ಚಿಹ್ನೆ ಉದ್ಧರಣೆ ಆರಂಭಿಸುವಂತೆ ತಿರುಗಿ ಬೀಳುತ್ತದೆ. ಸರಿಪಡಿಸುವುದು ಹೇಗೆ?

ಗುಬ್ಬಿಯ ಸದಸ್ಯರು: ಸರ್, ಅಧ್ಯಕ್ಷರು ‘ಆದ’ ಒಪ್ಪುತ್ತಿಲ್ಲ; ತಮ್ಮ ಹೆಸರು ಸಾಲಿನ ಮೊದಲಿಗೇ ಬರಬೇಕಂತೆ.

ಕರಡು ತಿದ್ದುವವರು: ಹಾಗಿದ್ದರೆ ಅರ್ಧವಿರಾಮ. ಎರಡೂ ಕಡೆ.