ಅಪ್‌ಡೇಟ್: ಕೊರಿಯನ್ ಟ್ಯೂಬಿನ ಮೇಲಿನ ಆ ಮೂರು ಪದಗಳು

ನನ್ನ ಪ್ರಶ್ನೆ ಇದಾಗಿತ್ತು: "ಕೊರಿಯಾದ ಕ್ರೀಮಿನ ಮೇಲೆ 진정, 미백, 자외선차단 ಅಂತಿದೆ. ಇದು ಬಿಳುಪಿನ ಕ್ರೀಮೋ, ಸನ್‌ಸ್ಕ್ರೀನೋ?"

ಎರಡೂ ಹೌದು. 자외선차단 (ಜಾವೆಸೊನ್ ಚಾದಾನ್) ಅಂದರೆ ನೇರಳಾತೀತ ಕಿರಣಗಳ ತಡೆ. ಪಕ್ಕದಲ್ಲಿ ಬಿಸಿಲಿನಿಂದ ರಕ್ಷಣೆ ಎಷ್ಟೆಂದು ಹೇಳುವ SPF ಸಂಖ್ಯೆ, PA ಮತ್ತು ಪ್ಲಸ್ ಗುರುತುಗಳಿರಬೇಕು. ಅವಿಲ್ಲದಿದ್ದರೆ ಅದನ್ನು ಸನ್‌ಸ್ಕ್ರೀನ್ ಅಂತ ನಂಬಬೇಡಿ. SPF ಅನ್ನು ಅಳೆಯುವುದು ಒಂದು ಚದರ ಸೆಂ.ಮೀ. ಚರ್ಮಕ್ಕೆ 2 ಮಿ.ಗ್ರಾಂ ಹಚ್ಚಿ. ತೆಳುವಾಗಿ ಸವರಿದರೆ ಡಬ್ಬಿಯ ಮೇಲಿನ SPF 50 ನಿಮ್ಮ ಮುಖಕ್ಕೆ ಸಿಗುವುದಿಲ್ಲ.

ಹೆಚ್ಚು ಗೊಂದಲ 미백 (ಮಿಬೆಕ್) ಪದದ್ದು. ಅಕ್ಷರಶಃ 'ಸುಂದರ ಬಿಳುಪು' ಆದರೂ ಅದು ಬ್ಲೀಚ್ ಅಲ್ಲ. ಕಪ್ಪುಕಲೆ ಮೂಡುವುದನ್ನು ಕಡಿಮೆ ಮಾಡಲು ನೆರವಾಗುತ್ತದೆ ಎಂಬುದಷ್ಟೇ ಅದರ ಹೇಳಿಕೆ. ಹತ್ತಿರದಲ್ಲಿ 기능성화장품, ಅಂದರೆ ನಿರ್ದಿಷ್ಟ ಕೆಲಸ ಮಾಡುವ ಸೌಂದರ್ಯವರ್ಧಕ, ಎಂದಿದೆಯೇ ನೋಡಿ. ಕೊರಿಯಾದ ಕಾನೂನಿನಲ್ಲಿ ಅದು ಪ್ರತ್ಯೇಕ ವರ್ಗ. ಕಲೆ ತಗ್ಗಿಸುವ ಘಟಕ ನಿಯಾಸಿನಮೈಡ್ ಆದರೆ ಸಾಮಾನ್ಯವಾಗಿ ಶೇಕಡಾ 2ರಿಂದ 5 ಇರುತ್ತದೆ. 톤업 (ಟೋನ್ ಅಪ್) ಬೇರೆಯೇ: ಟೈಟಾನಿಯಂ ಡೈಆಕ್ಸೈಡ್‌ನಂಥ ಬಿಳಿ ಪುಡಿಯ ಲೇಪ. ತೊಳೆದರೆ ಹೋಗುತ್ತದೆ, ನಮ್ಮ ಗೋಧಿ ಬಣ್ಣದ ಮುಖದ ಮೇಲೆ ಬೂದಿ ಬಳಿದಂತೆ ಕಾಣಬಹುದು.

진정 (ಜಿಂಜೊಂಗ್) ಎಂದರೆ ಉರಿ ತಣಿಸುವುದು. ಬಹುತೇಕ ಒಂದೆಲಗದ ಸಾರ ಇರುತ್ತದೆ, ಘಟಕಗಳ ಪಟ್ಟಿಯಲ್ಲಿ 병풀 ಎಂದು ಹುಡುಕಿ. ಈ ಪದ ಒಂದೇ ಇದ್ದರೆ ಬಿಸಿಲಿನಿಂದ ರಕ್ಷಣೆಯಿಲ್ಲ. 향료 ಅಂದರೆ ಸುಗಂಧ. ಸೂಕ್ಷ್ಮ ಚರ್ಮದವರು, ಮುಂದೆ 진정 ಎಂದಿದ್ದರೂ, ಹಿಂದಿನ ಪಟ್ಟಿಯಲ್ಲಿ ಇದನ್ನು ಮೊದಲು ನೋಡಿ.