ಸಹಾಯ ಬೇಕು: ಪರೀಕ್ಷೆಗೆ ಮುಂಚೆ ಟೈಟ್ರೇಶನ್ ಇನ್ನೊಮ್ಮೆ ಮಾಡಿಸ್ತೀರಾ ಮೇಡಂ?

ನಮಸ್ಕಾರ ಮೇಡಂ. ದ್ವಿತೀಯ ಪಿಯು ರಸಾಯನಶಾಸ್ತ್ರ ಪ್ರಾಯೋಗಿಕ ಪರೀಕ್ಷೆಗೆ ಮುಂಚೆ ಒಂದು ಸಂಜೆ ಲ್ಯಾಬಿನಲ್ಲಿ ಆಕ್ಸಾಲಿಕ್ ಆಮ್ಲ, ಪೊಟ್ಯಾಸಿಯಂ ಪರ್ಮಾಂಗನೇಟ್ ಟೈಟ್ರೇಶನ್ ಇನ್ನೊಮ್ಮೆ ಮಾಡಿಸಬಹುದೇ?

ಲೆಕ್ಕ ನಮಗೆ ಬರುತ್ತದೆ, ಪಳಗಬೇಕಿರುವುದು ಕೈ. ಫ್ಲಾಸ್ಕನ್ನು 60–70 ಡಿಗ್ರಿ ಸೆಲ್ಸಿಯಸ್‌ಗೆ ಬಿಸಿ ಮಾಡಿದರೂ ಮೊದಲ ಹನಿಗಳ ಬಣ್ಣ ನಿಧಾನವಾಗಿ ಹೋಗುತ್ತದೆ. ಮ್ಯಾಂಗನೀಸ್ ಅಯಾನು ಉಂಟಾದ ಮೇಲಷ್ಟೇ ಕ್ರಿಯೆ ಚುರುಕಾಗುವುದು. ಅದಕ್ಕೂ ಮೊದಲೇ ಅವಸರದಿಂದ ಸುರಿದರೆ, ಅಥವಾ ಸಾರರಿಕ್ತ ಸಲ್ಫ್ಯೂರಿಕ್ ಆಮ್ಲ ಕಡಿಮೆಯಾದರೆ, ಕಂದು ಬಣ್ಣ ಕಾಣಿಸಿಕೊಂಡು ರೀಡಿಂಗ್ ಕೆಡುತ್ತದೆ. ಬ್ಯುರೆಟ್ಟಿನ ದ್ರಾವಣ ಕಡುಬಣ್ಣದ್ದು, ಹಾಗಾಗಿ ಮೇಲಂಚನ್ನೇ ಓದಬೇಕು.

ತಿಳಿಗುಲಾಬಿ ಅರ್ಧ ನಿಮಿಷ ನಿಲ್ಲುವ ಆ ಒಂದು ಹನಿಗೆ ಸರಿಯಾಗಿ ನಲ್ಲಿ ಮುಚ್ಚುವುದನ್ನು ನೀವು ಪಕ್ಕದಲ್ಲಿ ನಿಂತು ತಿದ್ದಿದರೆ ಸಾಕು. ನಾಲ್ಕೈದು ಜನರ ಗುಂಪಾಗಿ ಬರುತ್ತೇವೆ. ಯಾವ ದಿನ ನಿಮಗೆ ಅನುಕೂಲ ಮೇಡಂ?