ಡಿಶ್ ಮುಟ್ಟಬೇಡಿ, ಮೊದಲು ನಂಬರ್ ನೋಡಿ

ಶೈಲಾ: “ಮಾವ, ಟವರಿಂದ ನೆಟ್ ಹಿಡಿಯೋ ಟೆರೇಸ್ ಡಿಶ್ ಇದೆಯಲ್ಲ, ಮಳೆ ಶುರುವಾದ್ರೆ ಅದರ ಸ್ಪೀಡ್ 40 ಎಂಬಿಪಿಎಸ್ ಇದ್ದದ್ದು 5ಕ್ಕೆ ಇಳಿಯುತ್ತೆ. ಇವರು ಮೇಲೆ ಹೋಗಿ ಸ್ವಲ್ಪ ತಿರುಗಿಸ್ತೀನಿ ಅಂತಿದಾರೆ. ಪುಟ್ಟಿಗೆ ಆನ್‌ಲೈನ್ ಪರೀಕ್ಷೆ ಬೇರೆ. ಏನ್ ಮಾಡ್ಲಿ?”

ಶೈಲಾ, ಅಳಿಯಂದಿರಿಗೆ ಹೇಳಮ್ಮ, ಆ ಡಿಶ್ ಮುಟ್ಟೋದು ಬೇಡ. ಸ್ಪ್ಯಾನರ್ ಕೆಳಗಿಡೋಕೆ ಹೇಳು ಮೊದಲು.

ನಮ್ಮ ನಂಜುಂಡನ ಕಥೆ ಗೊತ್ತಲ್ಲ, ಕನಕಪುರ ರಸ್ತೆ ಮನೆ. ಡಿಶ್ ಹಾಕಿಸಿದ್ದು ಮಾರ್ಚ್‌ನಲ್ಲಿ. ಎದುರಿನ ಗುಲ್‌ಮೊಹರ್‌ನಲ್ಲಿ ಆಗ ಒಂದು ಎಲೆ ಇರಲಿಲ್ಲ, ಕೊಂಬೆ ಸಂದಿಯಿಂದ 2 ಕಿಲೋಮೀಟರ್ ಆಚೆ ಟವರ್ ಕಾಣ್ತಿತ್ತು. ಹಾಕಿದ ಹುಡುಗ ಮೊಬೈಲ್‌ನಲ್ಲಿ ಸಿಗ್ನಲ್ ತೋರಿಸಿದ, ಮೈನಸ್ 58. ಮೈನಸ್ ಲೆಕ್ಕ ಇದು, ನಂಬರ್ ಚಿಕ್ಕದಿದ್ದಷ್ಟೂ ಒಳ್ಳೇದು. ಜೂನ್ ಹೊತ್ತಿಗೆ ಮರ ತುಂಬ ಎಲೆ. ಮಳೆ ಬಂದು ಎಲೆ ನೆಂದರೆ ಮೈನಸ್ 74. ಫೋನ್ ಮಾಡಿದ್ರೆ ಕಂಪನಿಯವರದ್ದು ಒಂದೇ ಉತ್ತರ, “ಸಾರ್, ಮಳೆ”.

ಮಳೆ ಅಲ್ಲ ಕಣಮ್ಮ ಅದು. ನಾನು ಮೈಕ್ರೋವೇವ್ ಲಿಂಕ್ ಕೆಲಸದಲ್ಲೇ ತಲೆ ಬೆಳ್ಳಗೆ ಮಾಡ್ಕೊಂಡೋನು. ಮನೆ ಡಿಶ್‌ಗಳು ಹೆಚ್ಚಾಗಿ 5 ಗಿಗಾಹರ್ಟ್ಸ್‌ನಲ್ಲಿ ಓಡ್ತವೆ. ಅಲ್ಲಿ ಎಂಥಾ ಜಡಿಮಳೆ ಬಂದರೂ ಹನಿಗಳು ಕಿತ್ಕೊಳ್ಳೋದು ಕಿಲೋಮೀಟರಿಗೆ ಸುಮಾರು 1 ಡೆಸಿಬಲ್. 28 ಗಿಗಾಹರ್ಟ್ಸ್, 60 ಗಿಗಾಹರ್ಟ್ಸ್ ಆಗಿದ್ರೆ ಮಳೇನೇ ಲಿಂಕ್ ನುಂಗಿ ಹಾಕುತ್ತೆ, ಅದು ಬೇರೆ ಮಾತು. ಇಲ್ಲಿ 58ರಿಂದ 74ಕ್ಕೆ 16 ಡೆಸಿಬಲ್ ಹೋಗಿದ್ದು ನೆಂದ ಎಲೆಗಳಿಂದ. ಸಿಗ್ನಲ್ ಬಿದ್ದ ಹಾಗೆ ರೇಡಿಯೋ ತಾನೇ ನಿಧಾನದ ಗೇರಿಗೆ ಇಳಿಯುತ್ತೆ, ನಮಗೆ ಕಾಣೋದು ಸ್ಪೀಡ್ ಹೋಯ್ತು ಅಂತ. ಟವರ್ ಕಣ್ಣಿಗೆ ಕಂಡರೆ ಸಾಕು ಅನ್ನೋದೂ ತಪ್ಪು. 2 ಕಿಲೋಮೀಟರ್ ಲಿಂಕಿಗೆ ನಡುದಾರಿಯಲ್ಲಿ, ಡಿಶ್‌ನಿಂದ ಟವರಿಗೆ ಎಳೆದ ನೇರ ಗೆರೆಯ ಸುತ್ತ ಮೂರು ಮೀಟರ್ ಆದ್ರೂ ಖಾಲಿ ಇರಬೇಕು.

ನಂಜುಂಡ ಕಾಯ್ತಾನಾ? ಕೊಡೆ ಹಿಡ್ಕೊಂಡು ಮೇಲೆ ಹೋಗಿ ಕ್ಲಾಂಪ್ ಸಡಿಲ ಮಾಡಿದ. ಡಿಶ್ ಜಾರ್ತು, ಲಿಂಕೇ ಹೋಯ್ತು. ತಡಕಾಡಿ ತಡಕಾಡಿ ಮೈನಸ್ 73 ಸಿಕ್ತು. “ಮೊದಲಿಗಿಂತ ಒಂದು ಜಾಸ್ತಿನೇ ಬಂತು” ಅಂತ ಬಿಗಿದು ಇಳಿದ. ಅಷ್ಟರಲ್ಲಿ ಮಳೆ ನಿಂತು ಎಲೆ ಒಣಗ್ತಿತ್ತು, ಅದು ಅವನಿಗೆ ಹೊಳೀಲೇ ಇಲ್ಲ. ಮಾರನೇ ದಿನ ಸುಡು ಬಿಸಿಲಲ್ಲೂ ಅದೇ 73. ಮುಂದಿನ ಮಳೆಗೆ ನೆಟ್ ಪೂರ್ತಿ ಸತ್ತಿತು.

ನಾನು ಹೋಗಿ ಡಿಶ್‌ನ ಎಡದಿಂದ ಬಲಕ್ಕೆ ಕೂದಲೆಳೆಯಷ್ಟಷ್ಟೇ ಸರಿಸಿದೆ. ಸಿಗ್ನಲ್ ಸ್ವಲ್ಪ ಏರ್ತು, ಇಳೀತು, ಆಮೇಲೆ ಜೋರಾಗಿ ಏರಿ ಮೈನಸ್ 59 ಮುಟ್ತು, ಮತ್ತೆ ಇಳಿದು ಆ ಕಡೆ ಇನ್ನೊಂದು ಸಣ್ಣ ಏರು. ನಡುವಿನದೇ ನಿಜವಾದ ದಿಕ್ಕು, ಅಕ್ಕಪಕ್ಕದ್ದು ಸೈಡ್ ಲೋಬ್, ಅಂದ್ರೆ ಡಿಶ್ ಓರೆಯಾಗಿದ್ದಾಗ್ಲೂ ಪಕ್ಕದಿಂದ ಹಿಡಿಯೋ ಬಲ ಕಮ್ಮಿ ಸಿಗ್ನಲ್. ಅವನು ಬಿಗಿದಿದ್ದು ಆ ಪಕ್ಕದ್ದರ ಮೇಲೆ. ಬೋಲ್ಟ್ ಬಿಗಿಯೋವಾಗ್ಲೂ ಡಿಶ್ ಸರಿಯುತ್ತೆ, ಅದಕ್ಕೇ ಎರಡೂ ಬೋಲ್ಟ್ ಒಂದಾದ್ಮೇಲೊಂದು ಸ್ವಲ್ಪ ಸ್ವಲ್ಪ ತಿರುಗಿಸ್ತಾ ನಂಬರ್ ಮೇಲೆ ಕಣ್ಣಿಟ್ಟಿರಬೇಕು. ಆದ್ದರಿಂದ ಇನ್ನೊಂದು ಸಲ ಹೇಳ್ತೀನಿ, ಮಳೇಲಿ ಡಿಶ್ ತಿರುಗಿಸಬೇಡಿ. ಗುಡುಗು ಮಿಂಚಲ್ಲಂತೂ ಟೆರೇಸ್ ಮೆಟ್ಟಿಲೇ ಹತ್ತಬೇಡಿ.

ಇಷ್ಟೆಲ್ಲಾ ಮಾಡಿಕೊಟ್ಟಿದ್ದಕ್ಕೆ ನಂಜುಂಡ ಏನ್ ಮಾಡ್ದ? ನನ್ನ ಸ್ಪ್ಯಾನರ್ ಸೆಟ್ ಅವತ್ತು ಅಲ್ಲೇ ಉಳೀತು, ಇವತ್ತಿನವರೆಗೂ ವಾಪಸ್ ಇಲ್ಲ. ತನ್ನ ಮಗಳ ನಿಶ್ಚಿತಾರ್ಥಕ್ಕೆ ನಮಗೆ ಒಂದು ಫೋನ್ ಇಲ್ಲ, ಇದೇ ಗ್ರೂಪಿಗೆ ಕಾರ್ಡ್ ಹಾಕಿ ಸುಮ್ಮನಾದ. ನಿಮ್ಮತ್ತೆ ಇನ್ನೂ ಅದನ್ನೇ ಆಡ್ಕೋತಾಳೆ. ಕೇಳಿಸ್ಕೊಳ್ಲಿ ಬಿಡು, ಅವನೂ ಇಲ್ಲೇ ಇದಾನಲ್ಲ.

ಅಯ್ಯೋ, ನೀನು ಕೇಳಿದ್ದು ಪರೀಕ್ಷೆ ವಿಷಯ. ಲ್ಯಾಪ್‌ಟಾಪನ್ನ ರೂಟರಿಗೆ ವೈರ್ ಹಾಕಿ ಸ್ಪೀಡ್ ನೋಡು, ವೈಫೈ ನಂಬಬೇಡ. ಡಿಶ್ ಸಿಗ್ನಲ್ ಎಲ್ಲಿ ಕಾಣುತ್ತೆ ಅಂತ ಕಂಪನಿಯವರನ್ನ ಕೇಳ್ಕೋ. ಒಣ ಹೊತ್ತಲ್ಲಿ ಒಂದು, ಮಳೇಲಿ ಒಂದು, ಮಳೆ ನಿಂತು ಎಲೆ ಒಣಗಿದ ಮೇಲೆ ಒಂದು, ಹೀಗೆ ಬರೆದಿಡು. ಒಣಗಿದ ಮೇಲೆ ವಾಪಸ್ ಬಂದ್ರೆ ಮರದ ಕಾಟ, ಕಂಬಾನ ಟೆರೇಸಿನ ಇನ್ನೊಂದು ಮೂಲೆಗೆ ಹಾಕಿಸಿ ಇಲ್ಲಾ ಎತ್ತರ ಮಾಡಿಸಿ. ಬಿಸಿಲಲ್ಲೂ ಬಿದ್ದೇ ಇದ್ರೆ ಗಾಳಿಗೆ ಕಂಬ ಅಲುಗಿದೆ, ಅವರನ್ನೇ ಕರೆಸು. ನಂಬರ್ ಚೆನ್ನಾಗಿದ್ದೂ ಲಿಂಕ್ ಹೋಗಿ ಬಂದು ಮಾಡಿದ್ರೆ ಕೇಬಲ್ ಪಿನ್ನಿಗೆ ನೀರು ಇಳಿದಿರುತ್ತೆ. ಸಾಯಂಕಾಲ ಮಾತ್ರ ನಿಧಾನ, ಸಿಗ್ನಲ್ ಸರಿ ಇದೆ ಅಂದ್ರೆ ಟವರಿನಲ್ಲಿ ಜನ ಜಾಸ್ತಿ, ಡಿಶ್ ತಿರುಗಿಸಿ ಏನೂ ಪ್ರಯೋಜನವಿಲ್ಲ.

ಪರೀಕ್ಷೆ ದಿನಕ್ಕೆ ಫೋನ್ ಹಾಟ್‌ಸ್ಪಾಟ್ ಹಿಂದಿನ ರಾತ್ರಿನೇ ಲ್ಯಾಪ್‌ಟಾಪಿಗೆ ಸೇರಿಸಿ ನೋಡಿಟ್ಕೊ. ಆ ಮೂರು ನಂಬರ್ ನನಗೆ ಬೇರೆ ಕಳಿಸು, ಗ್ರೂಪಿಗೆ ಬೇಡ.